ಫೋಟೋ ನೋಡಿ ಬ್ರಾಂಡೆಡ್ ಬ್ಯಾಗ್ ತಗೊಳ್ಳೋದಾ ಬೇಡ್ವಾ? ಚೆಕ್‌ಲಿಸ್ಟ್, ರಿಜೆಕ್ಷನ್, ರೆಕಾರ್ಡ್ ಹೇಗಿಡ್ತೀರ

ಮರುಮಾರಾಟ_ಶುರು
ಎಲ್ರಿಗೂ ನಮಸ್ಕಾರ. ನಮ್ದು ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಹ್ಯಾಂಡ್‌ಬ್ಯಾಗ್ ಅಂಗಡಿ, ಜನ ತಂದು ಕೊಡ್ತಾರೆ, ನಾವು ಮಾರಿಕೊಟ್ಟು ಕಮಿಷನ್ ಇಟ್ಕೋತೀವಿ. ಇಷ್ಟು ದಿನ ಅಂಗಡಿಗೇ ತರಿಸ್ಕೊಂಡು ಕೈಯಲ್ಲಿ ಹಿಡಿದು ನೋಡಿನೇ ತಗೋತಾ ಇದ್ವಿ. ಈಗ ದೂರದೋರೂ ಕಳಿಸ್ತೀವಿ ಅಂತಿದಾರೆ, ಹಾಗಾಗಿ ಮೊದ್ಲು ಫೋಟೋ ತರಿಸ್ಕೊಂಡು ಅದನ್ನ ನೋಡಿ ಹೂಂ ಅಥವಾ ಉಹೂಂ ಅನ್ನೋ ಒಂದು ಪದ್ಧತಿ ಮಾಡ್ಬೇಕು ಅಂತ ಇದೀನಿ. ಕೌಂಟರಲ್ಲಿ ಇಬ್ರು ಹುಡುಗೀರು ಇದಾರೆ, ಇಬ್ರೂ ಚುರುಕು, ಆದ್ರೆ ಒಬ್ಬಳು ಹೂಂ ಅಂದಿದ್ದನ್ನ ಇನ್ನೊಬ್ಬಳು ಉಹೂಂ ಅಂತಾಳೆ. ಯಾವ ಫೋಟೋ ಕೇಳ್ಬೇಕು, ಏನು ಕಂಡ್ರೆ ಅಲ್ಲೇ ಬೇಡ ಅನ್ಬೇಕು, ಏನು ಬರೆದಿಡ್ಬೇಕು, ಅನುಭವ ಇರೋರು ಹೇಳಿ.

ಈಗ ಕೈಲಿರೋ ಕೇಸನ್ನೇ ಹೇಳ್ತೀನಿ. ಲೂಯಿ ವಿಟಾನ್ ನೆವರ್‌ಫುಲ್ ಎಂಎಂ, ಕಂದು ಮಾನೊಗ್ರಾಮ್. ಆಯಮ್ಮ ಆರು ಫೋಟೋ ಕಳಿಸಿದಾರೆ, ಚೆನ್ನಾಗೇ ಇವೆ. ಒಳಗಿನ ಸ್ಟ್ಯಾಂಪಲ್ಲಿ ಮೇಡ್ ಇನ್ ಫ್ರಾನ್ಸ್ ಅಂತಿದೆ. ಡೇಟ್ ಕೋಡ್ ಎಸ್‌ಡಿ 1025, ಕೊನೇ ಅಂಕಿ ಸ್ವಲ್ಪ ಮಬ್ಬು. ತರಿಸ್ಕೊಳ್ಳೋದಾ?

ಕೋಡ್_ನೋಡಣ್ಣ
ಇದು ಸುಲಭ ಗುರು. ಕೋಡಲ್ಲಿ 1ನೇ ಮತ್ತೆ 3ನೇ ಅಂಕಿ ಸೇರಿಸಿದ್ರೆ ವಾರ, 2ನೇ ಮತ್ತೆ 4ನೇ ಅಂಕಿ ಸೇರಿಸಿದ್ರೆ ವರ್ಷ. ಅಂದ್ರೆ 12ನೇ ವಾರ, 2005. ಸರಿಯಾಗಿ ಕೂತ್ಕೋತು ನೋಡಿ, ಫೇಕ್ ಮಾಡೋರು ಸಾಮಾನ್ಯ ಇಲ್ಲೇ ಎಡವೋದು. ಆದ್ರೆ ಎಸ್‌ಡಿ ಅಂದ್ರೆ ಅಮೆರಿಕಾ ಫ್ಯಾಕ್ಟರಿ, ಸ್ಟ್ಯಾಂಪಲ್ಲಿ ಫ್ರಾನ್ಸ್ ಅಂತಿದೆ ಅಂತೀರ, ಅದೊಂದೇ ನಂಗೆ ಡೌಟ್. ನಾನಾಗಿದ್ರೆ ಅದಕ್ಕೇ ರಿಜೆಕ್ಟ್.

ಸೂಜಿಕಣ್ಣು
ಕೋಡ್_ನೋಡಣ್ಣ ಅವ್ರೇ, ಓದೋ ರೀತಿ ಅರ್ಧ ಸರಿ. ವಾರದ ಲೆಕ್ಕ ಶುರುವಾಗಿದ್ದು 2007ರಿಂದ. 1990ರಿಂದ 2006ರವರೆಗೆ 1 ಮತ್ತೆ 3ನೇ ಅಂಕಿ ತಿಂಗಳು, ಹಾಗಾಗಿ 1025 ಅಂದ್ರೆ 2005ರ ಡಿಸೆಂಬರ್. ಎಸ್‌ಡಿ ವಿಷಯಕ್ಕೆ ಬಂದ್ರೆ, ಅದು ಫ್ರಾನ್ಸ್ ಪಟ್ಟಿಲೂ ಇದೆ ಅಮೆರಿಕಾ ಪಟ್ಟಿಲೂ ಇದೆ, ಎಫ್‌ಎಲ್ ಎಲ್‌ಎ ಕೂಡ ಹಾಗೇನೇ. ಈ ಪಟ್ಟಿಗಳನ್ನ ಮಾಡಿದ್ದು ಕಲೆಕ್ಟರ್‌ಗಳು, ಬ್ಯಾಗ್ ನೋಡಿ ನೋಡಿ ಸೇರಿಸಿರೋದು. ಅದೊಂದನ್ನೇ ಹಿಡ್ಕೊಂಡು ಯಾರನ್ನೂ ರಿಜೆಕ್ಟ್ ಮಾಡ್ಬೇಡಿ.

ಆದ್ರೆ ಈ ಬ್ಯಾಗನ್ನ ಇನ್ನೊಂದು ಕಾರಣಕ್ಕೆ ನಿಲ್ಲಿಸ್ಬೇಕು. ನೆವರ್‌ಫುಲ್ ಅನ್ನೋ ಮಾಡೆಲ್ ಬಂದಿದ್ದೇ 2007ರಲ್ಲಿ. ತಿಂಗಳು ಅಂತ ಓದಿ, ವಾರ ಅಂತ ಓದಿ, ವರ್ಷ 2005 ಅಂತಲೇ ಬರತ್ತೆ, ಆಗ ಆ ಬ್ಯಾಗೇ ಇರ್ಲಿಲ್ಲ. ಕೋಡ್ ತನ್ನಷ್ಟಕ್ಕೆ ಸರಿ ಇರ್ಬೋದು, ಆದ್ರೆ ಅದು ಕೂತಿರೋ ಬ್ಯಾಗ್ ಜೊತೆ ಸರಿಹೋಗ್ತಿಲ್ಲ. ನಿಮ್ ಹುಡುಗೀರಿಗೆ ಇದನ್ನ ಕಲಿಸಿ, ಕೋಡ್ ಅಸಲಿನಾ ಅಂತ ಕೇಳ್ಬಾರ್ದು, ಕೋಡು, ಸ್ಟ್ಯಾಂಪು, ಮಾಡೆಲ್ಲು, ಲೆದರ್ ಬಣ್ಣ ಈ ನಾಲ್ಕೂ ಒಂದೇ ಕತೆ ಹೇಳ್ತಿವೆಯಾ ಅಂತ ಕೇಳ್ಬೇಕು.

ಇನ್ನು ಕೊನೇ ಅಂಕಿ ಮಬ್ಬು ಅಂದ್ರಲ್ಲ, ಈ ಕೇಸಲ್ಲಿ ಎಲ್ಲಾ ನಿಂತಿರೋದು ಅದ್ರ ಮೇಲೇನೇ. ಅದು 5 ಆಗಿದ್ರೆ ಆಗಲ್ಲ, 6 ಆಗಿದ್ರೂ 2006, ಆಗಲ್ಲ. 7 ಆಗಿದ್ರೆ 2007ರ 12ನೇ ವಾರ, ಆಗ ಮುಂದೆ ನೋಡ್ಬೋದು. ಹಾಗಾಗಿ ಈಗ್ಲೇ ರಿಜೆಕ್ಟೂ ಬೇಡ ಹೂಂ ಅನ್ನೋದೂ ಬೇಡ, ಕೋಡಿನ ಫೋಟೋ ಮತ್ತೆ ತೆಗೆದು ಕಳಿಸಿ ಅನ್ನಿ.

ಮರುಮಾರಾಟ_ಶುರು
ಅಬ್ಬಾ, ಮಾಡೆಲ್ ಬಂದ ವರ್ಷ ನೋಡ್ಬೇಕು ಅಂತ ನಮ್ ತಲೆಗೇ ಹೊಳೆದಿರ್ಲಿಲ್ಲ. ಮೆಸೇಜ್ ಮಾಡಿದೀನಿ ಆಯಮ್ಮಂಗೆ. ಹೇಗೆ ತೆಗೀಬೇಕು ಅಂತ ಏನಾದ್ರೂ ಹೇಳ್ಬೇಕಾ?

ಹೊಸ್ತಿಲು
ನಾನೂ ಇದೇ ಕೇಳ್ಬೇಕು ಅಂತಿದ್ದೆ. ನನ್ ಬ್ಯಾಗ್ ಫೋಟೋ ಎಲ್ಲಾ ಹಳದಿ ಹಳದಿ ಬರತ್ತೆ, ಹಿಂದೆ ಬಿಳಿ ಬಟ್ಟೆ ಹಾಕಿದ್ರೂ ಅಂಗಡಿ ಫೋಟೋ ಥರ ಬರಲ್ಲ, ಯಾವ ಆ್ಯಪಲ್ಲಿ ಬ್ಯಾಕ್‌ಗ್ರೌಂಡ್ ತೆಗೀತೀರ ನೀವೆಲ್ಲಾ? ಬೇಗ ಸೇಲ್ ಆಗೋ ಥರ ಕಾಣ್ಬೇಕು.

ಸೂಜಿಕಣ್ಣು
ಹೊಸ್ತಿಲು ಅವ್ರೇ ನೀವು ಕೇಳ್ತಿರೋದು ಮಾರೋ ಫೋಟೋ, ಇಲ್ಲಿ ಮಾತಾಡ್ತಿರೋದು ಪರೀಕ್ಷೆ ಫೋಟೋ, ಎರಡೂ ಉಲ್ಟಾ. ಬ್ಯಾಕ್‌ಗ್ರೌಂಡ್ ತೆಗೆದ ಫೋಟೋ, ಬ್ಯೂಟಿ ಮೋಡಲ್ಲಿ ತೆಗೆದಿದ್ದು, ಫಿಲ್ಟರ್ ಹಾಕಿದ್ದು ಇಂಟೇಕಿಗೆ ಬಂದ್ರೆ ನಾನು ನೋಡೋದೇ ಇಲ್ಲ, ವಾಪಸ್. ಹೊಲಿಗೆ, ಲೆದರ್ ಮೇಲಿನ ರಂಧ್ರ ಎಲ್ಲಾ ಅದು ನುಣುಪು ಮಾಡ್ಬಿಡತ್ತೆ. ಆದ್ರೆ ಹಳದಿ ವಿಷಯ ನಮಗೂ ಬೇಕಾದ್ದೇ, ರೂಮ್ ಲೈಟ್ ಆರಿಸಿ ಹಗಲು ಹೊತ್ತು ಕಿಟಕಿ ಪಕ್ಕ ಇಟ್ಟು ತೆಗೀರಿ, ಪಕ್ಕದಲ್ಲಿ ಒಂದು ಬಿಳಿ ಕಾಗದ ಇರ್ಲಿ, ಲೆದರ್ ನಿಜವಾಗ್ಲೂ ಎಷ್ಟು ಕಂದಾಗಿದೆ ಅಂತ ಗೊತ್ತಾಗೋದು ಆಗಲೇ.

ಮರುಮಾರಾಟ ಅವ್ರೇ, ಒತ್ತಿರೋ ಅಕ್ಷರ ಅಂದ್ರೆ ಕೋಡು, ಹೀಟ್ ಸ್ಟ್ಯಾಂಪು ಇವಕ್ಕೆ ಫ್ಲ್ಯಾಶ್ ಹಾಕಲೇಬಾರದು. ಫ್ಲ್ಯಾಶ್ ನೇರ ಬಿದ್ರೆ ತಗ್ಗು ಉಬ್ಬು ಎಲ್ಲಾ ಅಳಿಸಿ ಹೋಗತ್ತೆ, ನಿಮ್ಮ 5 ಮಬ್ಬಾಗಿರೋದಕ್ಕೆ ಅದೇ ಕಾರಣ ಇರ್ಬೋದು. ಬೆಳಕು ಪಕ್ಕದಿಂದ ಓರೆಯಾಗಿ ಬರ್ಬೇಕು, ಆಗ ಅಕ್ಷರದ ಒಳಗೆ ನೆರಳು ಬಿದ್ದು ಆಳ ಕಾಣತ್ತೆ. ಇನ್ನೊಂದು, ಜನ ಫೋನನ್ನ ಕೋಡಿಗೆ ಅಂಟಿಸಿಬಿಡ್ತಾರೆ, ಅಷ್ಟು ಹತ್ರ ಫೋಕಸ್ ಆಗಲ್ಲ. ಒಂದು ಗೇಣು ಹಿಂದೆ ಹೋಗಿ 2x ಝೂಮ್ ಹಾಕಿ ತೆಗೀರಿ ಅಂತ ಹೇಳಿ. ವಾಟ್ಸಾಪಲ್ಲಿ ಕಳಿಸೋದಾದ್ರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ ಕಳಿಸ್ಬೇಕು, ಇಲ್ದಿದ್ರೆ ಕುಗ್ಗಿಸಿ ಬಿಡತ್ತೆ, ತೆಗೆದ ದಿನಾಂಕದ ಮಾಹಿತಿನೂ ಹೋಗತ್ತೆ. ಆ ದಿನಾಂಕವನ್ನ ತಿದ್ದಬೋದು, ಹಾಗಾಗಿ ಅದನ್ನೇ ಸಾಕ್ಷಿ ಅನ್ಕೋಬೇಡಿ, ಆದ್ರೆ ಇದ್ರೆ ಒಳ್ಳೇದು.

ಎಲ್ಲಕ್ಕಿಂತ ಮುಖ್ಯ, ಪ್ರತಿ ಬ್ಯಾಗಿಗೂ ನೀವೊಂದು ನಂಬರ್ ಕೊಡಿ, ಅದನ್ನ ಅವ್ರು ಚೀಟಿ ಮೇಲೆ ಕೈಯಲ್ಲಿ ಬರೆದು ಬ್ಯಾಗ್ ಜೊತೆ ಇಟ್ಟು ಫೋಟೋ ತೆಗೀಬೇಕು, ಇಡೀ ಬ್ಯಾಗ್ ಫೋಟೋದಲ್ಲೂ ಕೋಡ್ ಫೋಟೋದಲ್ಲೂ. ಇಂಟರ್ನೆಟ್ಟಿಂದ ಎತ್ತಿದ ಫೋಟೋಗಳು ಅಲ್ಲೇ ಅರ್ಧ ಉದುರಿ ಹೋಗ್ತವೆ.

ಲೆಕ್ಕಬುಕ್ಕು
ನಂಬರ್ ವಿಷಯ ಬಂತಲ್ಲ, ನಾನು ಇಂಥದೇ ಅಂಗಡಿಲಿ ರೆಕಾರ್ಡ್ ನೋಡ್ಕೋತೀನಿ. ನಂಬರ್ ಯಾವಾಗ ಕೊಡ್ತೀರ ಅನ್ನೋದು ಮುಖ್ಯ. ಬ್ಯಾಗ್ ಅಂಗಡಿಗೆ ಬಂದಾಗ ಅಲ್ಲ, ಮೊದಲ ಮೆಸೇಜ್ ಬಂದಾಗಲೇ ಕೊಡ್ಬೇಕು. ಇಲ್ದಿದ್ರೆ ರಿಜೆಕ್ಟ್ ಆದದ್ದಕ್ಕೆ ನಂಬರೇ ಇರಲ್ಲ, ಮೂರು ತಿಂಗಳಾದ್ಮೇಲೆ ಅದೇ ಬ್ಯಾಗು ಬೇರೆ ಹೆಸರಲ್ಲಿ ಬಂದ್ರೆ ನಿಮಗೆ ಗೊತ್ತೇ ಆಗಲ್ಲ. ರಿಜೆಕ್ಟ್ ಆದವುಗಳ ರೆಕಾರ್ಡೇ ತಗೊಂಡವುಗಳಿಗಿಂತ ಹೆಚ್ಚು ಕೆಲಸಕ್ಕೆ ಬರೋದು. ಫೈಲ್ ಹೆಸರಲ್ಲೇ ನಂಬರು, ಫೋಟೋ ಯಾವುದು, ಎಷ್ಟನೇ ಸಲ ಬಂದಿದ್ದು ಅಂತ ಇರ್ಲಿ:

```
N0412_code_1.jpg
N0412_code_2.jpg
N0412_front_1.jpg
```

ಎರಡನೇ ಫೋಟೋ ಬಂದ್ರೆ ಮೊದಲನೇದನ್ನ ಅಳಿಸ್ಬೇಡಿ. ಮಬ್ಬಾಗಿದೆ ಅಂತ ಅಳಿಸಿದ್ದು ಆಮೇಲೆ ಬೇಕಾಗತ್ತೆ.

ಕೋಡ್_ನೋಡಣ್ಣ
ಹಾಗಾದ್ರೆ ಶೀಟಲ್ಲಿ ಕೋಡ್ ಕಾಲಂ ಇಟ್ಟು ಡೂಪ್ಲಿಕೇಟ್ ಬಂದ್ರೆ ಕೆಂಪು ಆಗೋ ಥರ ಮಾಡಿ. ಒಂದೇ ಕೋಡ್ ಎರಡು ಬ್ಯಾಗಲ್ಲಿ ಬಂದ್ರೆ ಒಂದು ಫೇಕು ಅಂತ ಗ್ಯಾರಂಟಿ. ಕೋಡೇ ಇಲ್ಲ ಅಂದ್ರಂತೂ ಯೋಚ್ನೆನೇ ಬೇಡ.

ಸೂಜಿಕಣ್ಣು
ಇಲ್ಲ ಇಲ್ಲ, ದಯವಿಟ್ಟು ಹಾಗೆ ಮಾಡ್ಬೇಡಿ. ವಿಟಾನ್ ಡೇಟ್ ಕೋಡು ಸೀರಿಯಲ್ ನಂಬರ್ ಅಲ್ಲ, ಎಲ್ಲಿ ಯಾವಾಗ ಮಾಡಿದ್ದು ಅನ್ನೋದಷ್ಟೇ. ಒಂದೇ ವಾರ ಒಂದೇ ಜಾಗದಲ್ಲಿ ಮಾಡಿದ ಎಲ್ಲಾ ಬ್ಯಾಗಿಗೂ ಅದೇ ಕೋಡು ಇರತ್ತೆ. ಕೆಂಪು ಮಾಡಿದ್ರೆ ಒಳ್ಳೆ ಬ್ಯಾಗನ್ನ ಕಳ್ಕೋತೀರ. ಶನೆಲ್ ಬ್ಯಾಗಿನ ಸ್ಟಿಕರ್ ನಂಬರ್ ಬೇರೆ ಥರ, ಅದು ಒಂದೊಂದು ಬ್ಯಾಗಿಗೆ ಒಂದೊಂದು, ಅಲ್ಲಿ ಡೂಪ್ಲಿಕೇಟ್ ಬಂದ್ರೆ ನಿಜವಾಗ್ಲೂ ನಿಲ್ಲಿಸ್ಬೇಕು. ಹಾಗಾಗಿ ಕಾಲಂ ಇರ್ಲಿ, ನಿಯಮ ಬ್ರಾಂಡ್ ಬ್ರಾಂಡಿಗೆ ಬೇರೆ ಇರ್ಲಿ.

ಕೋಡೇ ಇಲ್ಲ ಅನ್ನೋದೂ ಹಾಗೇ. 2021ರ ಮಾರ್ಚಿಂದ ವಿಟಾನ್ ಕೋಡ್ ಒತ್ತೋದು ನಿಲ್ಲಿಸಿ ಚಿಪ್ ಹಾಕ್ತಿದೆ. ಹೊಸ ಬ್ಯಾಗಲ್ಲಿ ಕೋಡ್ ಇಲ್ದಿರೋದೇ ಸರಿ, 2023ರಲ್ಲಿ ತಗೊಂಡೆ ಅಂತ ಬಿಲ್ ತೋರಿಸಿ ಒಳಗೆ ಡೇಟ್ ಕೋಡ್ ಇದ್ರೆ ಆಗ ಹುಬ್ಬೇರಿಸ್ಬೇಕು. ಹಳೇದ್ರಲ್ಲೂ ಒಳಗಿನ ಪಾಕೆಟ್ ಲೈನಿಂಗ್ ಮೇಲೆ ಒತ್ತಿದ್ದು ಸವೆದು ಹೋಗಿರತ್ತೆ. ಚಿಪ್ ಇದೆ ಅಂತ ಫೋನಲ್ಲಿ ಏನೋ ಸಿಗ್ನಲ್ ಬಂದ ಸ್ಕ್ರೀನ್‌ಶಾಟ್ ಕಳಿಸ್ತಾರೆ, ಅದನ್ನ ಪ್ಲಸ್ ಪಾಯಿಂಟ್ ಅಂತ ತಗೋಬೇಡಿ, ಚಿಪ್ ಹಾಕೋದು ಫೇಕ್ ಮಾಡೋರಿಗೂ ಕಷ್ಟ ಅಲ್ಲ.

ಅತ್ತೆ_ಕೊಟ್ಟ_ಬ್ಯಾಗ್
ನಿಮ್ಮಂಥ ಅಂಗಡಿಯವ್ರಿಗೆ ನನ್ನದೊಂದು ಪ್ರಶ್ನೆ. ನಮ್ಮತ್ತೆ ತುಂಬಾ ವರ್ಷದ ಹಿಂದೆ ತಗೊಂಡಿದ್ದ ವಿಟಾನ್ ಸ್ಪೀಡಿ ಬ್ಯಾಗು, ನಂಗೆ ಕೊಟ್ರು, ನಾನು ಬಳಸಲ್ಲ ಅಂತ ಒಂದು ರೀಸೇಲ್ ಅಂಗಡಿಗೆ ಫೋಟೋ ಕಳಿಸ್ದೆ. ಎರಡು ಸಾಲಲ್ಲಿ ಉತ್ತರ ಬಂತು, ಇದು ಅಸಲಿ ಅಲ್ಲ, ಒಂದು ಕಡೆ ಲೋಗೋ ತಲೆಕೆಳಗಾಗಿದೆ, ಹಿಡಿಕೆ ಬಣ್ಣ ಬ್ಯಾಗಿನ ವಯಸ್ಸಿಗೆ ಹೊಂದಲ್ಲ ಅಂತ. ಹಿಡಿಕೆ ನಮ್ಮತ್ತೆ ಬ್ರಾಂಡಿನ ಅಂಗಡಿಲೇ ಬದಲಾಯಿಸಿದ್ದು! ಅತ್ತೆಗೆ ಇದನ್ನ ಹೇಳೋಕೂ ಆಗಲ್ಲ, ಫೇಕ್ ಬ್ಯಾಗ್ ಹಿಡ್ಕೊಂಡು ಓಡಾಡ್ತಿದ್ರು ಅಂದಹಾಗೆ ಆಗತ್ತೆ. ಒಂದು ಪ್ರಶ್ನೆ ಕೇಳ್ಬಾರ್ದಿತ್ತಾ ಅವ್ರು?

ಸೂಜಿಕಣ್ಣು
ಕೇಳ್ಬೇಕಿತ್ತು ಮೇಡಂ, ಖಂಡಿತ. ತಲೆಕೆಳಗು ಅನ್ನೋದಂತೂ ತಪ್ಪೇ ತಪ್ಪು. ಮಾನೊಗ್ರಾಮ್ ಸ್ಪೀಡಿನ ಒಂದೇ ಉದ್ದ ತುಂಡಲ್ಲಿ ಮಾಡ್ತಾರೆ, ಮುಂದಿನಿಂದ ತಳದ ಕೆಳಗೆ ಹಾದು ಹಿಂದಕ್ಕೆ ಬರತ್ತೆ, ಹಾಗಾಗಿ ಒಂದು ಮಗ್ಗುಲಲ್ಲಿ ಎಲ್‌ವಿ ತಲೆಕೆಳಗೇ ಇರ್ಬೇಕು. ಎರಡೂ ಕಡೆ ನೆಟ್ಟಗಿದ್ರೆನೇ ನಾನು ತಳದ ಫೋಟೋ ಕೇಳೋದು.

ಹಿಡಿಕೆದು ಸ್ವಲ್ಪ ಸೂಕ್ಷ್ಮ. ಆ ತಿಳಿ ಬಣ್ಣದ ವಾಕೆಟ್ಟಾ ಲೆದರ್ ಬಿಸಿಲು, ಕೈ ಬೆವರು ತಾಗಿ ವರ್ಷ ಹೋದಂಗೆ ಜೇನು ಬಣ್ಣ, ಆಮೇಲೆ ಗಾಢ ಕಂದಾಗತ್ತೆ. ಹಳೇ ಕೋಡು, ಕ್ಯಾನ್ವಾಸ್ ಮೂಲೆ ಸವೆದಿದೆ, ಹಿಡಿಕೆ ಮಾತ್ರ ಹಾಲಿನ ಬಣ್ಣ ಅಂದ್ರೆ ಅನುಮಾನ ಬರ್ಲೇಬೇಕು. ಆದ್ರೆ ಅನುಮಾನ ಬೇರೆ, ರಿಜೆಕ್ಷನ್ ಬೇರೆ. ಹಿಡಿಕೆ ಬದಲಾಯಿಸಿದ್ರಾ, ರಿಪೇರಿ ರಸೀದಿ ಇದೆಯಾ ಅಂತ ಕೇಳಿ, ಹಿಡಿಕೆಯ ಬುಡದ ಹೊಲಿಗೆ ಹತ್ತಿರದಿಂದ ತರಿಸ್ಕೊಳ್ಳಿ. ಹಿಡಿಕೆ, ಅಂಚಿನ ಪಟ್ಟಿ, ಹಿಡಿಕೆ ಕೂರೋ ತುಂಡು ಎಲ್ಲಾ ಒಂದೇ ಬಣ್ಣದ ಹೊಸದಾಗಿದ್ರೆ ಒಂಥರಾ, ಹಿಡಿಕೆ ಮಾತ್ರ ಹೊಸದು ಮಿಕ್ಕಿದ್ದೆಲ್ಲಾ ಕಂದಾಗಿದ್ರೆ ರಿಪೇರಿ ಅನ್ನೋ ಮಾತಿಗೆ ತೂಕ ಬರತ್ತೆ.

ಚಿನ್ನದ_ಕೊಂಡಿ
ನಾನು ಇಲ್ಲಿ ಒಪ್ಪಲ್ಲ. ನಾವು ರಸೀದಿ ಇಲ್ದೆ ಹಿಡಿಕೆ ಬದಲಾದದ್ದು ತಗೊಳ್ಳೋದೇ ಇಲ್ಲ. ಬ್ರಾಂಡೇ ಬದಲಾಯಿಸಿದ್ದಾ ಹೊರಗಡೆ ಯಾರೋ ಮಾಡಿದ್ದಾ ಅಂತ ಫೋಟೋದಲ್ಲಿ ಹೇಳೋಕಾಗಲ್ಲ, ಹೊರಗಡೆ ಮಾಡಿದ್ದಾದ್ರೆ ಬ್ಯಾಗ್ ಅಸಲಿ, ಹಿಡಿಕೆ ಅಲ್ಲ, ಅದನ್ನ ಏನಂತ ಬರೆದು ಮಾರ್ತೀರ? ಅಸಲಿ ಅಲ್ಲ ಅಂತ ನಾನು ಯಾರಿಗೂ ಹೇಳಲ್ಲ, ನಮ್ಮ ನಿಯಮಕ್ಕೆ ಹೊಂದಲ್ಲ ಅಂತ ಹೇಳಿ ಕೈಮುಗೀತೀನಿ ಅಷ್ಟೇ.

ಸೂಜಿಕಣ್ಣು
ಹೊರಗೆ ರಿಪೇರಿ ಆದದ್ದನ್ನ ಹಿಡಿಕೆ ಮೂಲದ್ದಲ್ಲ ಅಂತ ಸ್ಪಷ್ಟವಾಗಿ ಬರೆದು ಕಮ್ಮಿ ಬೆಲೆಗೆ ಮಾರೋರೂ ಇದಾರೆ. ಅದು ಅಂಗಡಿಯವ್ರ ನಿರ್ಧಾರ. ಆದ್ರೆ ಕೊನೇ ಮಾತು ಒಪ್ತೀನಿ, ಫೋಟೋ ನೋಡಿ ಫೇಕ್ ಅನ್ನೋ ಪದ ಬರೀಬಾರ್ದು.

ಮರುಮಾರಾಟ_ಶುರು
ಎಲ್ರೂ ಕೇಳಿ, ಆಯಮ್ಮನ ಎರಡನೇ ಫೋಟೋ ಬಂತು! ಈ ಸಲ ನೀಟಾಗಿ 1027 ಅಂತ ಕಾಣ್ತಿದೆ, ಅಂದ್ರೆ 2007ರ 12ನೇ ವಾರ. ಚೀಟಿ ಮಾತ್ರ ಇಟ್ಟಿಲ್ಲ, ಮರೆತೆ ಅಂದ್ರು. ಹಾಗಾದ್ರೆ ಓಕೆ ತಾನೆ? ಬಾಕ್ಸ್ ಕಳಿಸೋಕೆ ಹೇಳ್ಲಾ?

ಸೂಜಿಕಣ್ಣು
ಒಂದ್ನಿಮಿಷ ತಡೀರಿ. ಎರಡೂ ಫೋಟೋ ಪಕ್ಕ ಪಕ್ಕ ಇಟ್ಟು ಅಂಕಿ ಬಿಟ್ಟು ಬೇರೆಲ್ಲಾ ನೋಡಿ. ಕೋಡ್ ಇರೋ ಲೆದರ್ ಪಟ್ಟಿಯ ಅಂಚು, ಕಲೆ, ಅಕ್ಷರದಿಂದ ಹೊಲಿಗೆಗೆ ಎಷ್ಟು ದೂರ, ಹಿಂದಿನ ಬಟ್ಟೆಯ ಗೆರೆ ಎಲ್ಲಿ ಬರತ್ತೆ. ಏನ್ ಕಾಣತ್ತೆ ಹೇಳಿ.

ಮರುಮಾರಾಟ_ಶುರು
ಮೊದಲನೇದ್ರಲ್ಲಿ ಪಟ್ಟಿಯ ಎಡ ಮೂಲೇಲಿ ಪೆನ್ನಿನ ಶಾಯಿ ಥರ ಒಂದು ಚುಕ್ಕೆ ಇದೆ, ಎಸ್ ಅಕ್ಷರದ ಪಕ್ಕಾನೇ. ಎರಡನೇದ್ರಲ್ಲಿ ಅದಿಲ್ಲ, ಪಟ್ಟಿ ಕ್ಲೀನಾಗಿದೆ. ಒರೆಸಿರ್ಬೋದಾ ಅಂದ್ಕೊಂಡೆ. ಆದ್ರೆ ಹೊಲಿಗೆನೂ ಬೇರೆ ಕಾಣ್ತಿದೆ, ಮೊದಲನೇದ್ರಲ್ಲಿ ಕೊನೇ ಹೊಲಿಗೆ 5ರ ಮೇಲಕ್ಕೆ ಬರತ್ತೆ, ಇದ್ರಲ್ಲಿ ಅಂಕಿ ಮುಗಿದು ಸ್ವಲ್ಪ ಜಾಗ ಬಿಟ್ಟು ಹೊಲಿಗೆ. ಲೈನಿಂಗ್ ಬಟ್ಟೆನೂ ಇದ್ರಲ್ಲಿ ಸ್ವಲ್ಪ ಕೆಂಪು ಛಾಯೆ.

ಸೂಜಿಕಣ್ಣು
ಬಟ್ಟೆ ಬಣ್ಣ ಬೆಳಕಿಂದ ಬದಲಾಗ್ಬೋದು, ಅದನ್ನ ಬಿಡಿ. ಚುಕ್ಕೆನೂ ಬೇಕಾದ್ರೆ ಒರೆಸಿದ್ರು ಅನ್ನೋಣ. ಹೊಲಿಗೆ ಜಾಗ ಬದಲಾಗಲ್ಲ ನೋಡಿ. ಕೋನ ಬದಲಾದ್ರೆ ಎಲ್ಲಾ ಒಟ್ಟಿಗೆ ಓರೆಯಾಗತ್ತೆ ಹೊರತು ಹೊಲಿಗೆ ಮಾತ್ರ ಅಕ್ಷರದಿಂದ ದೂರ ಸರಿಯಲ್ಲ. ಎರಡು ಬೇರೆ ಪಟ್ಟಿ, ಅಂದ್ರೆ ಎರಡು ಬೇರೆ ಬ್ಯಾಗು. ಚೀಟಿ ಇಲ್ದಿರೋದಕ್ಕೂ ಇದಕ್ಕೂ ತಾಳೆ ಆಗತ್ತೆ.

ಆದ್ರೂ ಒಂದು ಅವಕಾಶ ಕೊಡಿ. ವಿಡಿಯೋ ಕೇಳಿ, ಚೀಟಿ ಹಿಡ್ಕೊಂಡು ಬ್ಯಾಗಿನ ಮುಂಭಾಗದಿಂದ ಶುರು ಮಾಡಿ, ನಿಲ್ಲಿಸ್ದೆ, ಕಟ್ ಮಾಡ್ದೆ, ಒಳಗೆ ಕೈ ಹಾಕಿ ಆ ಪಟ್ಟಿವರೆಗೂ ಹೋಗ್ಬೇಕು. ಅಸಲಿ ಬ್ಯಾಗ್ ಇರೋರಿಗೆ ಅದು ಒಂದ್ನಿಮಿಷದ ಕೆಲಸ.

ಲೆಕ್ಕಬುಕ್ಕು
ಅದಕ್ಕೇ ಹೇಳಿದ್ದು ಮೊದಲ ಫೋಟೋ ಅಳಿಸ್ಬೇಡಿ ಅಂತ. ಈಗ ರೆಕಾರ್ಡಲ್ಲಿ ಬರೆಯೋವಾಗ 'ಫೇಕ್' ಅಂತ ಬರೀಬೇಡಿ, 'ಅನುಮಾನ' ಅಂತಲೂ ಸಾಲದು. ಕಂಡಿದ್ದನ್ನ ಬರೀರಿ: ಕೋಡ್ ಫೋಟೋ 1ರಲ್ಲಿ ಕೊನೇ ಹೊಲಿಗೆ ಕೊನೇ ಅಂಕಿ ಮೇಲೆ, ಫೋಟೋ 2ರಲ್ಲಿ ಅಂಕಿ ಮುಗಿದ ಮೇಲೆ, ಫೋಟೋ 2ರಲ್ಲಿ ಚೀಟಿ ಇಲ್ಲ, ವಿಡಿಯೋ ಕೇಳಿದೆ, ಇಂಥ ದಿನ. ಯಾರು ನೋಡಿದ್ರು ಅವ್ರ ಹೆಸರು. ನಾಳೆ ಇನ್ನೊಬ್ಬಳು ಹುಡುಗಿ ಕೂತ್ರೂ ಅದನ್ನ ಓದಿ ಫೋಟೋ ತೆರೆದು ತಾನೇ ನೋಡ್ಬೋದು. ನಿಮ್ ಹುಡುಗೀರಿಬ್ರು ಜಗಳ ಆಡೋದು ಇದಕ್ಕೇ ಇರ್ಬೇಕು, ಒಬ್ಬಳು ತೀರ್ಮಾನ ಬರೀತಾಳೆ, ಏನು ಕಂಡು ಹಾಗಂದ್ಲು ಅಂತ ಬರೆಯಲ್ಲ.

ಕೋಡ್_ನೋಡಣ್ಣ
ಸರಿ ಸೂಜಿಕಣ್ಣು ಅವ್ರೇ, ಆದ್ರೆ ಒಂದು ಪ್ರಶ್ನೆ. ವಿಡಿಯೋನೂ ಸರಿಯಾಗಿ ಬಂತು, ಎಲ್ಲಾ ತಾಳೆ ಆಯ್ತು ಅಂದ್ರೆ ಆಗ ಅಸಲಿ ಅಂತ ಬರೀಬೋದಾ?

ಸೂಜಿಕಣ್ಣು
ಬರೀಬಾರ್ದು. ಈ ಚರ್ಚೆಲಿ ನಂಗೆ ಹೇಳ್ಬೇಕಾಗಿರೋದೇ ಅದು. ಫೋಟೋದಿಂದ ಬೇಡ ಅನ್ನೋಕೆ ಆಗತ್ತೆ, ಹೌದು ಅನ್ನೋಕೆ ಆಗಲ್ಲ. ಒಳ್ಳೇ ನಕಲಿ ಮಾಡೋರಿಗೆ ಕೋಡಿನ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿರತ್ತೆ. ಸ್ಟ್ಯಾಂಪಲ್ಲಿ ಒ ಅಕ್ಷರ ದುಂಡಗೆ ಇರ್ಬೇಕು, ಎಲ್‌ನ ಬಾಲ ಗಿಡ್ಡ, ಎರಡು ಟಿ ಹತ್ತಿರ ಹತ್ತಿರ ಅಂತ ನಾವು ನೋಡ್ತೀವಿ, ಅವ್ರೂ ಅದನ್ನೇ ನೋಡಿ ಒತ್ತುತಾರೆ. ಕ್ಯಾನ್ವಾಸ್ ಮಡಿಚಿದಾಗ ಹೇಗೆ ಬಗ್ಗತ್ತೆ, ಕೊಂಡಿ ಎಷ್ಟು ತೂಕ, ಝಿಪ್ ಎಳೆದಾಗ ಹೇಗೆ ಓಡತ್ತೆ, ಒಳಗಿನ ವಾಸನೆ ಏನು, ಇದ್ಯಾವುದೂ ಫೋಟೋದಲ್ಲಿ ಬರಲ್ಲ.

ಅದಕ್ಕೆ ಫೋಟೋ ಹಂತದಲ್ಲಿ ಮೂರೇ ಫಲಿತಾಂಶ ಇಟ್ಕೊಳ್ಳಿ. ಬೇಡ, ಇನ್ನೂ ಫೋಟೋ ಬೇಕು, ಅಂಗಡಿಗೆ ಕಳಿಸಿ. ಅಸಲಿ ಅನ್ನೋ ಕಾಲಮ್ಮೇ ಆ ಶೀಟಲ್ಲಿ ಇರ್ಬಾರ್ದು, ಇದ್ರೆ ಯಾರೋ ಒಬ್ರು ಟಿಕ್ ಹಾಕಿಬಿಡ್ತಾರೆ. ಕಳಿಸಿ ಅನ್ನೋವಾಗಲೂ ಸ್ಪಷ್ಟ ಮಾಡಿ, ಕೈಯಲ್ಲಿ ನೋಡಿದ ಮೇಲೂ ವಾಪಸ್ ಕಳಿಸ್ಬೋದು, ಆಗ ಸಾಗಣೆ ಖರ್ಚು ಯಾರದು ಅಂತ ಮೊದಲೇ ಬರೆದು ಒಪ್ಪಿಗೆ ತಗೊಳ್ಳಿ.

ಬೇಡ ಅನ್ನೋ ಪಟ್ಟಿನೂ ಚಿಕ್ಕದಿರ್ಲಿ. ನಂದ್ರಲ್ಲಿ ನೇರ ಬೇಡ ಅನ್ನೋದು ನಾಲ್ಕೇ: ಮಾಡೆಲ್ ಬರೋದಕ್ಕಿಂತ ಮುಂಚಿನ ಕೋಡು, ಆಗದ ಕೋಡು, ಉದಾಹರಣೆಗೆ ಎಸ್‌ಪಿ 1956 ಅಂದ್ರೆ 1996ನೇ ಇಸವಿ 15ನೇ ತಿಂಗಳು ಆಗತ್ತೆ, ಫೋಟೋಗಳು ಒಂದೇ ವಸ್ತುವಿನವು ಅಲ್ಲ, ಕೇಳಿದ ಫೋಟೋ ಎರಡನೇ ಸಲಾನೂ ಕೊಡ್ಲಿಲ್ಲ. ಮೊದಲೆರಡಕ್ಕೆ ಅಂಕಿ ನಿಚ್ಚಳವಾಗಿ ಓದೋಕೆ ಬರ್ಬೇಕು. ಮಿಕ್ಕಿದ್ದೆಲ್ಲಾ, ಹಿಡಿಕೆ ಬಣ್ಣ, ಸವೆದ ಕೋಡು, ಎಡ ಬಲ ಹೊಲಿಗೆ ಲೆಕ್ಕ ಬೇರೆ ಇರೋದು, ಅದೆಲ್ಲಾ ಕೇಳಿ ನೋಡೋದು.

ಚಿನ್ನದ_ಕೊಂಡಿ
ನನ್ ಪಟ್ಟಿ ಇದಕ್ಕಿಂತ ಉದ್ದ ಇದೆ, ಉದ್ದ ಇದ್ರೆನೇ ನಿದ್ದೆ ಬರತ್ತೆ ನಂಗೆ. ಶನೆಲ್ ಕಂಪನಿ ವಾಟ್ ಗೋಸ್ ಅರೌಂಡ್ ಕಮ್ಸ್ ಅರೌಂಡ್ ಅನ್ನೋ ರೀಸೇಲ್ ಅಂಗಡಿ ಮೇಲೆ ನ್ಯೂಯಾರ್ಕಲ್ಲಿ ಕೇಸ್ ಹಾಕಿತ್ತಲ್ಲ, 2024ರ ಫೆಬ್ರವರಿಲಿ ಜ್ಯೂರಿ ಅಂಗಡಿ ವಿರುದ್ಧ ತೀರ್ಪು ಕೊಟ್ಟು 40 ಲಕ್ಷ ಡಾಲರ್ ಕಟ್ಟಿ ಅಂತು. ಅಲ್ಲಿ ಬ್ಯಾಗುಗಳ ಸೀರಿಯಲ್ ನಂಬರೇ ದೊಡ್ಡ ವಿಷಯ ಆಗಿತ್ತು. ನಾವು ಅಸಲಿ ಅಂತ ಬರೆದು ಮಾರಿದ್ದಕ್ಕೆ ನಾವೇ ಜವಾಬ್ದಾರಿ, ಕೊಟ್ಟೋರಲ್ಲ.

ಲೆಕ್ಕಬುಕ್ಕು
ಅದಕ್ಕೇ ಬ್ಯಾಗ್ ಬಂದಾಗ ಎರಡನೇ ಸುತ್ತು ಫೋಟೋ ತಪ್ಪಿಸ್ಬೇಡಿ. ಪೆಟ್ಟಿಗೆ ಬಿಚ್ಚೋದನ್ನ ವಿಡಿಯೋ ಮಾಡಿ, ಸೀಲ್ ಕಾಣೋ ಹಾಗೆ. ಆಮೇಲೆ ಕೊಟ್ಟೋರು ಕಳಿಸಿದ ಫೋಟೋ ಪಕ್ಕದಲ್ಲಿ ಇಟ್ಟು ಅದೇ ಕೋನದಲ್ಲಿ ನಿಮ್ಮದು ತೆಗೀರಿ. ಜೊತೆಗೆ ಗುರುತಿನ ಫೋಟೋ ಮೂರ್ನಾಲ್ಕು, ಅಂದ್ರೆ ಆ ಬ್ಯಾಗಲ್ಲಿ ಮಾತ್ರ ಇರೋದು, ಹಿಡಿಕೆ ಮೇಲಿನ ನೀರಿನ ಕಲೆ, ಮೂಲೆ ಸವೆತದ ಆಕಾರ, ಪಕ್ಕದ ಹೊಲಿಗೆಲಿ ಹೂವಿನ ಡಿಸೈನ್ ಎಲ್ಲಿ ಕತ್ತರಿಸಿದೆ ಅನ್ನೋದು. ಅದು ಎರಡು ಸಲ ಕೆಲಸಕ್ಕೆ ಬರತ್ತೆ. ಕೊಟ್ಟೋರು ನಾನು ಕಳಿಸಿದ್ದು ಇದಲ್ಲ, ನೀವು ಬದಲಾಯಿಸಿದ್ರಿ ಅಂದಾಗ ಒಂದು. ತಗೊಂಡೋರು ಅಸಲಿ ಇಟ್ಕೊಂಡು ನಕಲಿ ರಿಟರ್ನ್ ಕಳಿಸಿದಾಗ ಇನ್ನೊಂದು, ಅದಂತೂ ಹೊಸ ಬ್ಯಾಗಲ್ಲೇ ಜಾಸ್ತಿ, ಕಲೆನೇ ಇರಲ್ವಲ್ಲ. ಅಂಥದಕ್ಕೆ ಹೊಲಿಗೆ ಹತ್ರ ಡಿಸೈನ್ ಕತ್ತರಿಸಿರೋ ಜಾಗಾನೇ ಗತಿ.

ಅತ್ತೆ_ಕೊಟ್ಟ_ಬ್ಯಾಗ್
ನಮ್ಮತ್ತೆನ ನೆಪ ಹೇಳಿ ಕೇಳ್ದೆ, ರಿಪೇರಿ ರಸೀದಿ ಹಳೇ ಡಬ್ಬೀಲಿ ಇದ್ರೂ ಇರ್ಬೋದು ಅಂದ್ರು. ಸಿಕ್ರೆ ಅದೇ ಅಂಗಡಿಗೆ ಮತ್ತೆ ಕಳಿಸ್ಬೋದಾ, ಇಲ್ಲ ಒಂದ್ಸಲ ರಿಜೆಕ್ಟ್ ಆದ್ರೆ ಮುಗೀತಾ?

ಲೆಕ್ಕಬುಕ್ಕು
ರೆಕಾರ್ಡ್ ಸರಿಯಾಗಿಟ್ಟ ಅಂಗಡಿಲಿ ಹಳೇ ನಂಬರ್ ಕೆಳಗೇ ಹೊಸ ಸಾಕ್ಷಿ ಸೇರಿಸಿ ಇನ್ನೊಬ್ರು ನೋಡ್ತಾರೆ. ಮೊದಲು ನೋಡಿದೋರೇ ಮತ್ತೆ ನೋಡ್ಬಾರ್ದು ಅಂತ ನಮ್ಮಲ್ಲಿ ನಿಯಮ. ರಸೀದಿ ಸಿಕ್ರೆ ಹಿಡಿಕೆ ಬುಡದ ಫೋಟೋ ಜೊತೆ ತಳದ ಫೋಟೋನೂ ಕಳಿಸಿ, ಹೊಲಿಗೆ ಇಲ್ದೆ ಒಂದೇ ತುಂಡು ಅಂತ ಕಾಣೋ ಹಾಗೆ.

ಮರುಮಾರಾಟ_ಶುರು
ನಮ್ ನೆವರ್‌ಫುಲ್ ಕತೆ ಮುಂದಕ್ಕೆ ಹೋಯ್ತು. ವಿಡಿಯೋ ಕೇಳಿದ್ಮೇಲೆ ಆಯಮ್ಮ, ಬ್ಯಾಗು ತಂಗಿ ಹತ್ರ ಇದೆ, ಎರಡನೇ ಫೋಟೋ ಅವಳು ತೆಗೆದಿದ್ದು, ಅವಳ ಹತ್ರಾನೂ ಅಂಥದೇ ಒಂದಿದೆ, ಅದ್ರದ್ದು ತೆಗೆದಿರ್ಬೇಕು ಅಂತಾರೆ. ನಿಜ ಇದ್ರೂ ಇರ್ಬೋದು. ಸದ್ಯಕ್ಕೆ 'ಇನ್ನೂ ಫೋಟೋ ಬೇಕು' ಅಂತ ಇಟ್ಟು, ಏನೇನು ಬಂತು ಏನೇನು ಹೇಳಿದ್ರು ಅಂತ ಬರೆದಿದೀನಿ. ಹುಡುಗೀರು ಇಬ್ರಿಗೂ ಬೇರೆ ಬೇರೆ ಕೂರಿಸಿ ಎರಡು ಕೋಡ್ ಫೋಟೋ ತೋರಿಸ್ದೆ, ಇಬ್ರೂ ಹೊಲಿಗೆ ವಿಷಯ ತಾವಾಗೇ ಹೇಳಿದ್ರು.

ಸೂಜಿಕಣ್ಣು
ತಂಗಿ ಕತೆ ನಿಜ ಇದ್ರೂ ನಿಮ್ ಕೆಲಸ ಬದಲಾಗಲ್ಲ. ಮೊದಲನೇ ಫೋಟೋದ ಬ್ಯಾಗಲ್ಲಿ ಕೊನೇ ಅಂಕಿ ಏನು ಅನ್ನೋದು ಇನ್ನೂ ಗೊತ್ತಾಗಿಲ್ಲ. ಶಾಯಿ ಚುಕ್ಕೆ ಇರೋ ಪಟ್ಟಿದೇ ಬೇಕು ಅಂತ ಕೇಳಿ.

ಚಿನ್ನದ_ಕೊಂಡಿ
ಬೇಡ, ಹಾಗೆ ಹೇಳ್ಬೇಡಿ! ಚುಕ್ಕೆ ನೋಡಿದೀವಿ ಅಂತ ಅವ್ರಿಗೆ ಗೊತ್ತಾದ್ರೆ ಚುಕ್ಕೆ ಇಟ್ಟೇ ಕಳಿಸ್ತಾರೆ. ಕಾರಣ ಹೇಳ್ದೆ ವಿಡಿಯೋನೇ ಮತ್ತೆ ಕೇಳಿ.

ಸೂಜಿಕಣ್ಣು
ಹೌದು, ಈ ಮಾತು ಸರಿ. ವಿಡಿಯೋ ಮಾತ್ರ ಕೇಳಿ, ಚುಕ್ಕೆ ನಿಮ್ ಶೀಟಲ್ಲೇ ಇರ್ಲಿ.

ಮರುಮಾರಾಟ_ಶುರು
ಸರಿ, ಹಾಗೇ ಮಾಡ್ತೀನಿ. ಇನ್ನೊಂದೇ ಪ್ರಶ್ನೆ ಉಳೀತು. ಬ್ಯಾಗ್ ಅಂಗಡಿಗೆ ಬಂದು ಕೈಯಲ್ಲಿ ನೋಡಿ ನಕಲಿ ಅಂತ ಖಾತ್ರಿ ಆದ್ರೆ ಅದನ್ನ ವಾಪಸ್ ಕಳಿಸೋದಾ? ಕಳಿಸಿದ್ರೆ ಅವ್ರು ಇನ್ನೊಬ್ರಿಗೆ ಮಾರ್ತಾರೆ ಅನ್ಸತ್ತೆ.

ಚಿನ್ನದ_ಕೊಂಡಿ
ನಾವು ವಾಪಸ್ ಕೊಡ್ತೀವಿ, ವಸ್ತು ಅವ್ರದು, ಇಟ್ಕೊಳ್ಳೋಕೆ ನಮಗೇನು ಹಕ್ಕಿದೆ.

ಲೆಕ್ಕಬುಕ್ಕು
ನಾವು ಒಪ್ಪಂದದಲ್ಲೇ ಇದನ್ನ ಮೊದಲೇ ಬರೆದಿಟ್ಟಿದೀವಿ, ವಕೀಲರನ್ನ ಕೇಳಿ. ಅಂಥದನ್ನ ಅಂಚೆಲಿ ಕಳಿಸೋದರ ಬಗ್ಗೆನೂ ಒಂದೊಂದು ಕಡೆ ಒಂದೊಂದು ಕಾನೂನು ಇರತ್ತೆ, ಹಾಗಾಗಿ ಪಕ್ಕದ ಅಂಗಡಿಯವ್ರು ಮಾಡಿದ್ದನ್ನ ನೋಡಿ ಮಾಡ್ಬೇಡಿ. ಫೋಟೋ ಹಂತ ಬಿಗಿ ಇದ್ರೆ ಈ ಪ್ರಶ್ನೆ ಬರೋದೇ ಕಮ್ಮಿ, ಆದ್ರೂ ಬರತ್ತೆ.

ಸೂಜಿಕಣ್ಣು
ನಂಗೆ ಇದ್ರಲ್ಲಿ ಇವತ್ತಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ. ಪಾಪ ಎಷ್ಟೋ ಜನಕ್ಕೆ ತಮ್ಮ ಹತ್ರ ಇರೋದು ನಕಲಿ ಅಂತ ಗೊತ್ತೇ ಇರಲ್ಲ, ಉಡುಗೊರೆ ಬಂದಿರತ್ತೆ. ವಾಪಸ್ ಕೊಡೋವಾಗ ಯಾಕೆ ತಗೊಳ್ಳಲಿಲ್ಲ ಅಂತ ಎಲ್ಲಾ ಗುಟ್ಟು ಬಿಚ್ಚಿಟ್ರೆ ನಕಲಿ ಮಾಡೋರಿಗೆ ಪಾಠ ಹೇಳಿದಂಗೆ, ಏನೂ ಹೇಳ್ದೆ ಕೊಟ್ರೆ ಆ ಅತ್ತೆ ಸೊಸೆಗೆ ಆದಂಗೆ ಆಗತ್ತೆ. ನಾನು ಒಂದೇ ಒಂದು ಕಾರಣ ಹೇಳ್ತೀನಿ, ಮಾಡೆಲ್ಲು ಕೋಡು ಹೊಂದಲ್ಲ ಅನ್ನೋ ಥರದ್ದು, ಎಲ್ರಿಗೂ ಗೊತ್ತಿರೋದೇ. ಮಿಕ್ಕಿದ್ದು ರೆಕಾರ್ಡಲ್ಲಿ ಇರತ್ತೆ. ಬೇರೆಯವ್ರು ಹೇಗೆ ಮಾಡ್ತೀರ ಬರೀರಿ.